ಪಿಡಿಎಫ್ ಚಿಕ್ಕದು ಮಾಡಲು ಹೋಗಿ ಎಕ್ಸ್‌ಟೆನ್ಶನ್ ಬಂದು ಕೂತಿದೆ: ಈಗೇನು ಮಾಡಬೇಕು?

ಪ್ರಶ್ನೆ: ಮಗಳ ಕಾಲೇಜು ಅರ್ಜಿಗೆ ನನ್ನ ಆಧಾರ್, ಪ್ಯಾನ್, ಆದಾಯ ಪ್ರಮಾಣಪತ್ರ, ಅವಳ ಅಂಕಪಟ್ಟಿ ಹಾಕಬೇಕಿತ್ತು. ಪ್ರತಿ ಫೈಲ್ 500 ಕೆಬಿ ಒಳಗಿರಬೇಕಂತೆ. ಗೂಗಲ್‌ನಲ್ಲಿ ಹುಡುಕಿ, ಮೇಲೆ ಬಂದ ಒಂದು ಉಚಿತ ಸೈಟಿಗೆ ಎಲ್ಲಾ ಹಾಕಿದೆ. ಆಧಾರ್ ಫೈಲಿನ ಪಾಸ್‌ವರ್ಡ್ ಕೂಡ ಅಲ್ಲೇ ತೆಗೆಸಿದೆ. ಡೌನ್‌ಲೋಡ್ ಆಗಬೇಕಾದರೆ ಎಕ್ಸ್‌ಟೆನ್ಶನ್ ಸೇರಿಸಿ ಅಂತ ಬಂತು, ಸೇರಿಸಿದೆ. ಆಮೇಲಿಂದ ಹೊಸ ಟ್ಯಾಬ್ ತೆರೆದರೆ ಯಾವುದೋ ಬೇರೆ ಪುಟ ಬರುತ್ತೆ, ಮೂಲೆಯಲ್ಲಿ ‘ವೈರಸ್ ಬಂದಿದೆ’ ಅಂತ ತೋರಿಸುತ್ತೆ. ನನ್ನ ದಾಖಲೆಗಳು ಅವರ ಹತ್ತಿರ ಉಳಿದಿರುತ್ತಾ? ಅಳಿಸಬಹುದಾ? ಮುಂದೆ ಇಂಥ ಕೆಲಸಕ್ಕೆ ಏನು ಬಳಸಲಿ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ಎಕ್ಸ್‌ಟೆನ್ಶನ್ ತೆಗೆಯಿರಿ. ದಾಖಲೆಯ ವಿಚಾರ ಆಮೇಲೆ ನೋಡೋಣ. ಫೈಲ್ ಹೋಗಿದ್ದು ಒಂದೇ ಸಲ. ಎಕ್ಸ್‌ಟೆನ್ಶನ್ ಮಾತ್ರ ಇನ್ನೂ ನಿಮ್ಮ ಬ್ರೌಸರ್‌ನಲ್ಲೇ ಇದೆ, ನೀವು ಇವತ್ತು ತೆರೆಯುವ ಪುಟಗಳನ್ನೂ ಅದು ನೋಡುತ್ತಿರಬಹುದು. ಅದನ್ನು ತೆಗೆಯುವ ತನಕ ಆ ಕಂಪ್ಯೂಟರ್‌ನಲ್ಲಿ ನೆಟ್ ಬ್ಯಾಂಕಿಂಗ್ ಬೇಡ, ಇಮೇಲ್ ಕೂಡ ಬೇಡ.

ನೀವು ಬಳಸುತ್ತಿರುವುದು ಕ್ರೋಮ್ ಅಂದುಕೊಂಡು ಹೇಳುತ್ತೇನೆ. ವಿಳಾಸದ ಜಾಗದಲ್ಲಿ `chrome://extensions` ಅಂತ ಟೈಪ್ ಮಾಡಿ. ಪಟ್ಟಿ ಬರುತ್ತದೆ. ನೀವು ಸೇರಿಸಿದ್ದು ಹೆಸರಿನಲ್ಲೇ ಗೊತ್ತಾಗಬಹುದು, ಹೆಚ್ಚಾಗಿ ಪಿಡಿಎಫ್ ಅಥವಾ ಕನ್ವರ್ಟರ್ ಅನ್ನುವ ಪದ ಇರುತ್ತದೆ. ತೆಗೆಯುವ ಮೊದಲು ಅದರ `Details` ಒತ್ತಿ, ಅನುಮತಿಗಳನ್ನು ಒಮ್ಮೆ ಓದಿ. `Read and change all your data on all websites` ಅಂತ ಇದ್ದರೆ ವಿಷಯ ಗಂಭೀರ. ನೀವು ತೆರೆಯುವ ಯಾವುದೇ ಪುಟದಲ್ಲಿ ಕಾಣುವುದನ್ನೆಲ್ಲ ಅದು ಓದಬಹುದು, ನೀವು ಟೈಪ್ ಮಾಡಿದ್ದನ್ನೂ ತೆಗೆದುಕೊಳ್ಳಬಹುದು, ಪುಟದಲ್ಲಿ ತನ್ನದೇ ಬಟನ್ ಕೂರಿಸಬಹುದು. ಹೊಸ ಟ್ಯಾಬ್ ಪುಟ ಮತ್ತು ಹುಡುಕಾಟ ಬದಲಿಸುವುದು ಮಾತ್ರ ಇದ್ದರೆ ಅಪಾಯ ಕಡಿಮೆ. ನೀವು ಹುಡುಕುವ ಪದಗಳು ಅವರ ಸೈಟಿನ ಮೂಲಕ ಹಾದು ಹೋಗುತ್ತವೆ, ಅವರಿಗೆ ಜಾಹೀರಾತಿನ ದುಡ್ಡು ಸಿಗುತ್ತದೆ. ಯಾವುದಿತ್ತು ಅಂತ ಬರೆದಿಟ್ಟುಕೊಂಡು `Remove` ಒತ್ತಿ. ಪಾಸ್‌ವರ್ಡ್ ಬದಲಿಸಬೇಕಾ ಬೇಡವಾ ಅನ್ನುವುದು ಈ ಒಂದು ಸಾಲಿನ ಮೇಲೆ ನಿಂತಿದೆ.

ಕೆಲವು ಕಂಪ್ಯೂಟರ್‌ಗಳಲ್ಲಿ `Remove` ಬಟನ್ನೇ ಇರುವುದಿಲ್ಲ. ಅದರ ಬದಲು, ಇದನ್ನು ಅಡ್ಮಿನಿಸ್ಟ್ರೇಟರ್ ಹಾಕಿದ್ದಾರೆ ಅನ್ನುವ ಅರ್ಥದ ಸಾಲು ಕಾಣುತ್ತದೆ. ಆಗ ಕೇಳಬೇಕಾದ ಪ್ರಶ್ನೆ, ಈ ಲ್ಯಾಪ್‌ಟಾಪ್ ಯಾರದ್ದು ಅಂತ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಅರ್ಜಿ ತುಂಬುವುದೂ ಆಫೀಸಿನ ಲ್ಯಾಪ್‌ಟಾಪ್‌ನಲ್ಲೇ ಅಲ್ವಾ? ಆಫೀಸಿನದ್ದಾದರೆ ಅಂಥ ಸಾಲು ಇರುವುದು ಸಹಜ. ನೀವಾಗಿ ಏನೂ ಕೈ ಹಾಕಬೇಡಿ, ಐಟಿ ವಿಭಾಗಕ್ಕೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಮನೆಯ ಸ್ವಂತ ಕಂಪ್ಯೂಟರ್ ಆಗಿದ್ದರೆ ಅಲ್ಲಿ ಅಡ್ಮಿನಿಸ್ಟ್ರೇಟರ್ ಅಂತ ಬೇರೆ ಯಾರೂ ಇಲ್ಲ. ಯಾವುದೋ ಪ್ರೋಗ್ರಾಂ ವಿಂಡೋಸ್ ಒಳಗೆ ಕೂತು ಎಕ್ಸ್‌ಟೆನ್ಶನ್‌ಗೆ ಬೀಗ ಹಾಕಿದೆ ಅಂತ ಅರ್ಥ. `chrome://policy` ತೆರೆದು ನೋಡಿ, `ExtensionInstallForcelist` ಅನ್ನುವ ಹೆಸರು ಕಂಡರೆ ಅದೇ ಬೀಗ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ, ಆ ದಿನ ಬಂದು ಸೇರಿದ ಗೊತ್ತಿಲ್ಲದ ಪ್ರೋಗ್ರಾಂ ತೆಗೆಯಿರಿ. ಅದಾದ ಮೇಲೂ ಬೀಗ ಉಳಿದರೆ ರಿಜಿಸ್ಟ್ರಿಯಲ್ಲಿ ಕೆಲಸ ಇದೆ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಮೂಲೆಯಲ್ಲಿ ಬರುವ ‘ವೈರಸ್ ಬಂದಿದೆ’ ಅನ್ನುವುದು ಹೆಚ್ಚಿನ ಸಲ ವೈರಸ್ಸೂ ಅಲ್ಲ, ಎಕ್ಸ್‌ಟೆನ್ಶನ್ನೂ ಅಲ್ಲ. ಸೈಟಿನಲ್ಲಿ `Allow` ಅಂತ ಒಂದು ಪುಟ್ಟ ಪೆಟ್ಟಿಗೆ ಬಂದಿರುತ್ತದೆ, ಅವಸರದಲ್ಲಿ ಒತ್ತಿರುತ್ತೀರಿ. ಆ ಸೈಟಿಗೆ ನೋಟಿಫಿಕೇಶನ್ ಕಳಿಸುವ ಅನುಮತಿ ಸಿಕ್ಕಿರುತ್ತದೆ. `chrome://settings/content/notifications` ಪುಟಕ್ಕೆ ಹೋಗಿ, ಅನುಮತಿ ಪಡೆದವರ ಸಾಲಿನಲ್ಲಿರುವ ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಆ ಎಚ್ಚರಿಕೆಯ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಕೂಡ ಮಾಡಬೇಡಿ. ಹಾಗೇ `chrome://settings/search` ನೋಡಿ, ಹುಡುಕಾಟ ನಿಮಗೆ ಬೇಕಾದದ್ದಕ್ಕೇ ವಾಪಸ್ ಬಂದಿದೆಯಾ ಅಂತ.

ಜನ ಮರೆಯುವ ಒಂದು ವಿಷಯ ಇದೆ. ನಿಮ್ಮ ಗೂಗಲ್ ಖಾತೆಯಲ್ಲಿ ಸಿಂಕ್ ಆನ್ ಇದ್ದರೆ, ಇಲ್ಲಿ ಹಾಕಿದ ಎಕ್ಸ್‌ಟೆನ್ಶನ್ ಅದೇ ಖಾತೆ ಇರುವ ಇನ್ನೊಂದು ಕಂಪ್ಯೂಟರ್‌ಗೂ ಹೋಗಿರುತ್ತದೆ. ಅಲ್ಲೂ ತೆರೆದು ನೋಡಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಇಂಥ ಎಕ್ಸ್‌ಟೆನ್ಶನ್ ಹೋಗುವುದಿಲ್ಲ, ಅದರ ಚಿಂತೆ ಬಿಡಿ.

ಇನ್ನು ಪಾಸ್‌ವರ್ಡ್. ಎಲ್ಲಾ ಸೈಟುಗಳನ್ನು ಓದುವ ಅನುಮತಿ ಇತ್ತು ಅಂದರೆ, ಎಕ್ಸ್‌ಟೆನ್ಶನ್ ಹಾಕಿದ ದಿನದಿಂದ ತೆಗೆದ ದಿನದವರೆಗೆ ನೀವು ತೆರೆದ ಮುಖ್ಯ ಖಾತೆಗಳ ಪಾಸ್‌ವರ್ಡ್ ಬದಲಿಸಿ. ಇಮೇಲ್ ಮೊದಲು, ಬ್ಯಾಂಕ್ ಆಮೇಲೆ. ಇದನ್ನು ಫೋನಿನಿಂದ ಮಾಡಿ. ಬದಲಿಸಿದ ಮೇಲೆ ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ ಯಾವ ಯಾವ ಸಾಧನ ಲಾಗಿನ್ ಆಗಿದೆ ಅಂತ ನೋಡಿ, ನಿಮ್ಮದಲ್ಲದ್ದನ್ನು ಹೊರಗೆ ಹಾಕಿ. ಒಮ್ಮೆ ಲಾಗಿನ್ ಆದ ಗುರುತು ಕದ್ದವರಿಗೆ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ, ಅದಕ್ಕೇ ಇದು ಮುಖ್ಯ.

ಇಷ್ಟೆಲ್ಲ ಬೇಕಾ ಅಂತ ನಿಮಗನ್ನಿಸಬಹುದು. ಬೇಕು ಅಂತ ನಾನು ಹೇಳುವುದಕ್ಕೆ ಕಾರಣ ಇದೆ. 2023ರಲ್ಲಿ ವ್ಲಾಡಿಮಿರ್ ಪಾಲಂಟ್ ಅನ್ನುವ ಭದ್ರತಾ ಸಂಶೋಧಕರು ಕ್ರೋಮ್ ಸ್ಟೋರ್‌ನಲ್ಲಿದ್ದ `PDF Toolbox` ಅನ್ನುವ ಎಕ್ಸ್‌ಟೆನ್ಶನ್ ಬಿಚ್ಚಿ ನೋಡಿದರು. 20 ಲಕ್ಷಕ್ಕೂ ಜಾಸ್ತಿ ಬಳಕೆದಾರರಿದ್ದ ಎಕ್ಸ್‌ಟೆನ್ಶನ್ ಅದು. ಪಿಡಿಎಫ್ ಕೆಲಸವನ್ನು ಮಾಡುತ್ತಿತ್ತು ಕೂಡ. ಆದರೆ ಒಳಗೆ, ಹೊರಗಿನ ಸೈಟಿನಿಂದ ಕೋಡ್ ತರಿಸಿ ನೀವು ತೆರೆಯುವ ಪ್ರತಿ ಪುಟಕ್ಕೂ ಸೇರಿಸಬಲ್ಲ ಭಾಗವನ್ನು ಅಡಗಿಸಿಟ್ಟಿದ್ದರು. ಅಂದರೆ ಇವತ್ತು ಬರೀ ಜಾಹೀರಾತು ತೋರಿಸುವುದು ನಾಳೆ ಏನು ಬೇಕಾದರೂ ಮಾಡಬಹುದು, ನಿಮ್ಮನ್ನು ಮತ್ತೆ ಕೇಳುವುದೂ ಇಲ್ಲ. ಸ್ಟೋರ್‌ನಲ್ಲಿ ಇದೆ, ಲಕ್ಷಗಟ್ಟಲೆ ಜನ ಹಾಕಿಕೊಂಡಿದ್ದಾರೆ ಅನ್ನುವುದನ್ನು ನಂಬಿಕೆಗೆ ಆಧಾರ ಮಾಡಿಕೊಳ್ಳಬೇಡಿ.

ಇನ್ನೊಂದು ಜಾಗ ನೋಡಿ, `chrome://downloads`. ಆ ದಿನ `.exe` ಅಂತ ಕೊನೆಯಾಗುವ ಫೈಲ್ ಏನಾದರೂ ಇಳಿದಿದೆಯಾ? ಇಳಿದು, ನೀವು ಅದನ್ನು ತೆರೆದೂ ಇದ್ದರೆ ಮೇಲಿನದ್ದೆಲ್ಲ ಸಾಲದು. 2025ರಲ್ಲಿ `AppSuite PDF Editor` ಅನ್ನುವ ಉಚಿತ ಪ್ರೋಗ್ರಾಂ ಜಾಹೀರಾತುಗಳ ಮೂಲಕ ಹರಡಿತು. ಮೊದಲ ಸುಮಾರು ಎರಡು ತಿಂಗಳು ಅದು ತೊಂದರೆ ಕೊಡಲಿಲ್ಲ. ಆಗಸ್ಟ್ 21ರ ಹೊತ್ತಿಗೆ ಅಪ್‌ಡೇಟ್ ಬಂದು, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುವ ಕೆಲಸ ಶುರುವಾಯಿತು. ಅದಕ್ಕೇ ‘ಹಾಕಿ ತಿಂಗಳಾಯ್ತು, ಏನೂ ಆಗಿಲ್ಲ’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಅಂಥದ್ದು ಓಡಿದ್ದರೆ ದಾಖಲೆಗಳನ್ನು ಬೇರೆ ಕಡೆ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕಿಸುವುದೇ ಸರಿ.

ಈಗ ನಿಮ್ಮ ದಾಖಲೆಗಳಿಗೆ ಬರೋಣ. ಇಂಥ ಸೈಟಿನಲ್ಲಿ ಆಗುವುದು ಇಷ್ಟು. ನಿಮ್ಮ ಫೈಲ್ ಅವರ ಕಂಪ್ಯೂಟರ್‌ಗೆ ಹೋಗುತ್ತದೆ, ಅಲ್ಲಿ ಒಂದು ತಾತ್ಕಾಲಿಕ ಜಾಗದಲ್ಲಿ ಕೂರುತ್ತದೆ, ಅಲ್ಲೇ ಚಿಕ್ಕದಾಗುತ್ತದೆ, ಚಿಕ್ಕದಾದ ಪ್ರತಿಗೆ ಒಂದು ಲಿಂಕ್ ಹುಟ್ಟುತ್ತದೆ. ವಿಳಾಸದ ಶುರುವಿನಲ್ಲಿರುವ `https` ದಾರಿಯಲ್ಲಿ ಯಾರೂ ಕದ್ದು ನೋಡದ ಹಾಗೆ ಕಾಯುತ್ತದೆ, ಅಷ್ಟೇ. ತಲುಪಿದ ಮೇಲೆ ಫೈಲ್ ಪೂರ್ತಿ ಅವರ ಕೈಯಲ್ಲಿ. ಒಳ್ಳೆಯ ಕಂಪನಿಗಳು ಒಂದೆರಡು ಗಂಟೆಯಲ್ಲಿ ಅಳಿಸುತ್ತೇವೆ ಅಂತ ಬರೆದಿರುತ್ತವೆ, ಬಹುಶಃ ಅಳಿಸುತ್ತವೆ ಕೂಡ. ಆದರೆ ಎಕ್ಸ್‌ಟೆನ್ಶನ್ ಹಾಕದೆ ಫೈಲ್ ಕೊಡುವುದಿಲ್ಲ ಅಂದ ಸೈಟಿನ ಮೇಲೆ ನನಗೆ ಆ ನಂಬಿಕೆ ಇಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಉಚಿತ ಕನ್ವರ್ಟರ್ ಸೈಟುಗಳ ಬಗ್ಗೆ ಎಚ್ಚರಿಕೆ ಕೊಟ್ಟಾಗ ಎರಡನ್ನೂ ಹೇಳಿತ್ತು: ವಾಪಸ್ ಬರುವ ಫೈಲಿನಲ್ಲಿ ಕೆಟ್ಟ ಪ್ರೋಗ್ರಾಂ ಸೇರಿರಬಹುದು, ಕಳಿಸಿದ ಫೈಲಿನಿಂದ ಗುರುತಿನ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಹೆಕ್ಕಿಕೊಂಡಿರಬಹುದು.

ನಿಮ್ಮ ಕೈಯಲ್ಲಿ ಒಂದು ಚಿಕ್ಕ ಪರೀಕ್ಷೆ ಇದೆ. `chrome://downloads` ಪುಟದಲ್ಲಿ ನೀವು ಇಳಿಸಿಕೊಂಡ ಫೈಲಿನ ಸಾಲಿನಲ್ಲಿ ಅದು ಇಳಿದ ಲಿಂಕ್ ಸಿಗುತ್ತದೆ. ಅದನ್ನು ನಕಲು ಮಾಡಿ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಫೈಲ್ ಈಗಲೂ ಇಳಿದರೆ ಅದು ಅಳಿದಿಲ್ಲ ಅನ್ನುವುದು ಖಚಿತ. ಆ ಲಿಂಕ್ ಯಾರ ಕೈಗೆ ಸಿಕ್ಕರೂ ನಿಮ್ಮ ಆಧಾರ್ ಇಳಿಯುತ್ತದೆ. ಇಳಿಯದಿದ್ದರೆ ಲಿಂಕ್ ಸತ್ತಿದೆ ಅಂತಷ್ಟೇ ಗೊತ್ತಾಗುತ್ತದೆ. ಮೂಲ ಪ್ರತಿ ಅವರ ಹತ್ತಿರ ಇದೆಯಾ ಇಲ್ಲವಾ ಅಂತ ಹೊರಗಿನಿಂದ ತಿಳಿಯುವ ದಾರಿಯೇ ಇಲ್ಲ. ಅಳಿಸುವ ಬಟನ್ ಇದ್ದರೆ ಒತ್ತಿ, ಇಮೇಲ್ ಕೊಟ್ಟಿದ್ದರೆ ಎರಡು ಸಾಲು ಬರೆದು ಅಳಿಸಲು ಕೇಳಿ. ಉತ್ತರದಲ್ಲಿ ‘ನಿಮ್ಮ ಗುರುತು ಖಚಿತಪಡಿಸಲು ಆಧಾರ್ ಕಳಿಸಿ’ ಅಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ಆದ್ದರಿಂದ ದಾಖಲೆ ಉಳಿದಿದೆ ಅಂತಲೇ ಅಂದುಕೊಂಡು, ಅದರಿಂದ ಏನು ಮಾಡಲು ಸಾಧ್ಯವೋ ಅದನ್ನು ಮುಚ್ಚುವುದು ಜಾಣತನ. ಆಧಾರ್‌ಗೆ myaadhaar.uidai.gov.in ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ರೇಷನ್ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಬೆರಳಚ್ಚು ಕೊಡಬೇಕಾದಾಗ ತೆರೆದು, ಆಮೇಲೆ ಮತ್ತೆ ಹಾಕಬಹುದು. ಅಲ್ಲೇ ಹಿಂದಿನ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿ ಸಿಗುತ್ತದೆ. ಸಂಚಾರ್ ಸಾಥಿ ಸೈಟಿನಲ್ಲಿ, ಅಂದರೆ sancharsaathi.gov.in ನಲ್ಲಿ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು.

ಪ್ಯಾನ್ ಮತ್ತು ಆಧಾರ್ ಎರಡೂ ಒಟ್ಟಿಗೆ ಹೋಗಿರುವುದರಿಂದ ನನಗೆ ಜಾಸ್ತಿ ಚಿಂತೆ ಇರುವುದು ಸಾಲದ ಬಗ್ಗೆ. ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು, ಅದು ರಿಸರ್ವ್ ಬ್ಯಾಂಕಿನ ನಿಯಮ. ವರದಿಯಲ್ಲಿ ಅಂಕ ನೋಡಿ ಮುಚ್ಚಿಬಿಡಬೇಡಿ. ಯಾವ ಯಾವ ಬ್ಯಾಂಕ್, ಸಾಲದ ಕಂಪನಿ ನಿಮ್ಮ ಬಗ್ಗೆ ವಿಚಾರಿಸಿದೆ ಅನ್ನುವ `Enquiry` ಭಾಗ ನೋಡಿ. ನೀವು ಸಾಲ ಕೇಳದ ಕಂಪನಿಯ ಹೆಸರು ಅಲ್ಲಿದ್ದರೆ, ಸಾಲ ಮಂಜೂರಾಗುವ ಮೊದಲೇ ನಿಮಗೆ ಸುಳಿವು ಸಿಕ್ಕಂತೆ. ಹಾಗೆ ಕಂಡರೆ ಆ ಕಂಪನಿಗೂ ಕ್ರೆಡಿಟ್ ಸಂಸ್ಥೆಗೂ ಬರೆದು ತಿಳಿಸಿ, cybercrime.gov.in ನಲ್ಲಿ ದೂರು ದಾಖಲಿಸಿ. ದುಡ್ಡೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲಕ್ಕೆ ಏನು ಬಳಸಬೇಕು ಅಂತ ಕೇಳಿದ್ದೀರಿ. ನಿಮ್ಮ ನಾಲ್ಕು ದಾಖಲೆಗಳನ್ನೇ ತೆಗೆದುಕೊಳ್ಳೋಣ. ಯಾವುದಕ್ಕೂ ಸೈಟ್ ಬೇಕಿರಲಿಲ್ಲ.

ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ನಿಮಗೆ ಗೊತ್ತೇ ಇದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ. ಫೈಲನ್ನು ಕ್ರೋಮ್‌ಗೆ ಎಳೆದು ಹಾಕಿ, ಪಾಸ್‌ವರ್ಡ್ ಕೊಟ್ಟು ತೆರೆಯಿರಿ. ಆಮೇಲೆ Ctrl ಮತ್ತು P ಒತ್ತಿ, ಪ್ರಿಂಟರ್ ಜಾಗದಲ್ಲಿ `Save as PDF` ಆರಿಸಿ ಉಳಿಸಿ. ಹೊಸ ಫೈಲಿಗೆ ಪಾಸ್‌ವರ್ಡ್ ಇರುವುದಿಲ್ಲ, ಮತ್ತು ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗಿರುವುದಿಲ್ಲ. ಹೀಗೆ ಮಾಡಿದರೆ ಡಿಜಿಟಲ್ ಸಹಿ ಉಳಿಯುವುದಿಲ್ಲ. ಸಹಿ ಇರುವುದೇ ಬೇಕು ಅಂತ ಕೇಳುವ ಕಡೆ ಮೂಲ ಫೈಲನ್ನೇ ಕೊಡಬೇಕು. ಕಾಲೇಜಿನವರು ಒಪ್ಪಿದರೆ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ, ಅದರಲ್ಲಿ ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.

ಆದಾಯ ಪ್ರಮಾಣಪತ್ರದಲ್ಲಿ ಜನ ಸುಮ್ನೆ ಕಷ್ಟ ತಂದುಕೊಳ್ಳುತ್ತಾರೆ. ನಾಡಕಚೇರಿಯದು ಪಿಡಿಎಫ್ ಆಗಿಯೇ ಕೈಯಲ್ಲಿದ್ದರೂ ಪ್ರಿಂಟ್ ತೆಗೆಸಿ, ಫೋನಿನಲ್ಲಿ ಫೋಟೋ ಹೊಡೆದು, ಆ ಫೋಟೋವನ್ನು ಪಿಡಿಎಫ್ ಮಾಡುತ್ತಾರೆ. ಕಂಪ್ಯೂಟರ್‌ನಲ್ಲಿ ಹುಟ್ಟಿದ ಪಿಡಿಎಫ್‌ನಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ, ಸಾಮಾನ್ಯವಾಗಿ ಅದು ಮೊದಲೇ ಚಿಕ್ಕದು. ಫೋಟೋ ಹೊಡೆದ ಕ್ಷಣದಲ್ಲಿ ಅದು ಹಲವು ಪಟ್ಟು ದೊಡ್ಡದಾಗುತ್ತದೆ. ಮೂಲ ಫೈಲನ್ನೇ ಹಾಕಿ. ಪ್ಯಾನ್‌ಗೂ ಇದೇ ಮಾತು, ಇ-ಪ್ಯಾನ್ ಫೈಲ್ ಇದ್ದರೆ.

ನಿಜವಾಗಿ ಚಿಕ್ಕದು ಮಾಡಬೇಕಾದದ್ದು ಮಗಳ ಅಂಕಪಟ್ಟಿ ಒಂದೇ, ಅದು ಕಾಗದದ್ದು ಅನ್ನೋಣ. ಎರಡು ಪುಟಕ್ಕೆ ಎರಡು ಫೋಟೋ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದರೆ ಒಂದೊಂದು 3-4 ಎಂಬಿ, ಒಟ್ಟು 7 ಎಂಬಿ ಹತ್ತಿರ. ಅಷ್ಟು ಚುಕ್ಕಿಗಳು ಈ ಕೆಲಸಕ್ಕೆ ಬೇಕಿಲ್ಲ. ಎ4 ಹಾಳೆಯನ್ನು ಪರದೆಯ ಮೇಲೆ ಓದಲು ಇಂಚಿಗೆ 150 ಚುಕ್ಕಿ ಸಾಕು, ಅಂದರೆ ಸುಮಾರು 1240 ಅಗಲ, 1754 ಎತ್ತರ. ಎರಡು ದಶಲಕ್ಷ ಚುಕ್ಕಿಗಿಂತ ಸ್ವಲ್ಪ ಜಾಸ್ತಿ. 12 ಎಲ್ಲಿ, 2 ಎಲ್ಲಿ!

ಲಿಬ್ರೆಆಫೀಸ್ ಅನ್ನುವುದು ಉಚಿತ ತಂತ್ರಾಂಶ, ಅದರದೇ ಸೈಟು libreoffice.org ನಿಂದ ಒಮ್ಮೆ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನಿಂದ ಬೇಡ. ಅದರ ರೈಟರ್‌ನಲ್ಲಿ ಪುಟಕ್ಕೊಂದರಂತೆ ಎರಡು ಫೋಟೋ ಕೂರಿಸಿ. ಸುತ್ತ ಕಾಣುವ ಮೇಜು, ಬೆಡ್‌ಶೀಟ್ ಎಲ್ಲಾ ಕತ್ತರಿಸಿ, ಹಾಳೆಯಷ್ಟೇ ಉಳಿಸಿ. ಆಮೇಲೆ `File`, `Export As`, `Export as PDF`. ತೆರೆದ ಪೆಟ್ಟಿಗೆಯಲ್ಲಿ ಜೆಪೆಗ್ ಗುಣಮಟ್ಟ 70 ಇಡಿ, `Reduce image resolution` ಮುಂದೆ ಟಿಕ್ ಹಾಕಿ 150 DPI ಆರಿಸಿ ಉಳಿಸಿ. ಬಣ್ಣದ ಹಾಳೆಯಾದರೆ ಪುಟಕ್ಕೆ 200-300 ಕೆಬಿ ಬರಬಹುದು, ಅಂದರೆ ಎರಡು ಪುಟಕ್ಕೆ 500ರ ಗಡಿ ಹತ್ತಿರ. ದಾಟಿದರೆ ಗುಣಮಟ್ಟ 50ಕ್ಕೆ ಇಳಿಸಿ ನೋಡಿ, ಇಲ್ಲವಾದರೆ ಫೋಟೋವನ್ನೇ ಕಪ್ಪು-ಬಿಳುಪು ಮಾಡಿ. ರೆಸಲ್ಯೂಶನ್ 75ಕ್ಕೆ ಇಳಿಸಲು ಹೋಗಬೇಡಿ, ಅಂಕಿಗಳು ಕಲಸಿಹೋಗುತ್ತವೆ. ಫೈಲ್ ತೆರೆದು ದೊಡ್ಡದು ಮಾಡಿ, ನೋಂದಣಿ ಸಂಖ್ಯೆಯ 3 ಮತ್ತು 8 ಬೇರೆ ಬೇರೆ ಕಾಣುತ್ತವೆಯಾ, ಮೊಹರು ಓದಲು ಬರುತ್ತದಾ ನೋಡಿ. ಬಂದರೆ ಕೆಲಸ ಮುಗಿಯಿತು.

ಒಂದು ಎಚ್ಚರ. ನಾಡಕಚೇರಿಯಂಥ ಕನ್ನಡ ಅಕ್ಷರಗಳ ಪಿಡಿಎಫ್ ಅನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ಮತ್ತೆ ಉಳಿಸಬೇಡಿ. ಒತ್ತಕ್ಷರಗಳು ಜಾಗ ಬಿಟ್ಟು ಒಡೆದು ಹೋಗಬಹುದು. ಅಂಥ ಫೈಲನ್ನು ಚಿಕ್ಕದು ಮಾಡಲೇಬೇಕಾದರೆ ಘೋಸ್ಟ್‌ಸ್ಕ್ರಿಪ್ಟ್ ಅನ್ನುವ ಉಚಿತ ತಂತ್ರಾಂಶ ಇದೆ. ಕಮಾಂಡ್ ಟೈಪ್ ಮಾಡುವ ಅಭ್ಯಾಸ ಮಗಳಿಗಿದ್ದರೆ ವಿಂಡೋಸ್‌ನಲ್ಲಿ ಹೀಗೆ, ಘೋಸ್ಟ್‌ಸ್ಕ್ರಿಪ್ಟ್‌ನ `bin` ಫೋಲ್ಡರ್ ಅನ್ನು `PATH`ಗೆ ಸೇರಿಸಿ, ಪಿಡಿಎಫ್ ಇರುವ ಫೋಲ್ಡರ್‌ನಿಂದ:

```
gswin64c -sDEVICE=pdfwrite -dPDFSETTINGS=/ebook -o chikka.pdf dodda.pdf
```

ಇದು ಅಕ್ಷರಗಳನ್ನು ಅಕ್ಷರಗಳಾಗಿಯೇ ಬಿಟ್ಟು ಚಿತ್ರಗಳನ್ನು ಮಾತ್ರ 150ಕ್ಕೆ ಇಳಿಸುತ್ತದೆ. ಫೈಲಿನಲ್ಲಿ ಡಿಜಿಟಲ್ ಸಹಿ ಇದ್ದರೆ ಇಲ್ಲೂ ಅದು ಉಳಿಯುವುದಿಲ್ಲ.

ಇದೆಲ್ಲ ತಲೆನೋವು ಅಂತ ಜೆರಾಕ್ಸ್ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡುವವರು ಬಹಳ. ಅಲ್ಲಿ ನಿಮ್ಮ ಫೈಲನ್ನು ಇಂಥದ್ದೇ ಉಚಿತ ಸೈಟಿಗೆ ಹಾಕುವ ಸಾಧ್ಯತೆ ಇದೆ, ಮೇಲಾಗಿ ಅಂಗಡಿಯ ಕಂಪ್ಯೂಟರ್‌ನಲ್ಲೂ ಒಂದು ಪ್ರತಿ ಉಳಿಯುತ್ತದೆ. ಮನೆಯಲ್ಲೇ ಚಿಕ್ಕದು ಮಾಡಿಕೊಳ್ಳುವುದು ಒಳ್ಳೆಯದು.

ಅರ್ಜಿಗೆ ಬೇಕಾದ ಪಾಸ್‌ಪೋರ್ಟ್ ಅಳತೆಯ ಫೋಟೋಗೆ ವಿಂಡೋಸ್‌ನ ಪೇಂಟ್ ಸಾಕು. `Resize` ಒತ್ತಿ, ಪಿಕ್ಸೆಲ್ ಲೆಕ್ಕದಲ್ಲಿ ಅರ್ಜಿಯಲ್ಲಿ ಕೇಳಿದ ಅಳತೆ ಕೊಟ್ಟು ಜೆಪೆಗ್ ಆಗಿ ಉಳಿಸಿ. ಇನ್ನೂ ಜಾಸ್ತಿ ಹಿಡಿತ ಬೇಕಾದರೆ squoosh.app ಇದೆ. ನೋಡಲು ಸೈಟ್, ಆದರೆ ಫೋಟೋ ಹೊರಗೆ ಕಳಿಸದೆ ನಿಮ್ಮ ಬ್ರೌಸರ್ ಒಳಗೇ ಕೆಲಸ ಮುಗಿಸುತ್ತದೆ.

ಹಾಗೆ ಒಳಗೇ ಕೆಲಸ ಮಾಡುತ್ತೇವೆ ಅಂತ ಹೇಳಿಕೊಳ್ಳುವ ಸೈಟುಗಳು ಈಗ ಬಹಳ ಇವೆ, ಮಾತು ನಿಜವಾ ಅಂತ ನೀವೇ ನೋಡಬಹುದು. ಇನ್‌ಕಾಗ್ನಿಟೊದಲ್ಲಿ ಸೈಟ್ ತೆರೆಯಿರಿ, ಪುಟ ಪೂರ್ತಿ ಬಂದ ಮೇಲೆ ವೈಫೈ ಆಫ್ ಮಾಡಿ, ಆಮೇಲೆ ಯಾವುದೋ ಬೇಡದ ಫೋಟೋ ಹಾಕಿ. ಅದು ಚಿಕ್ಕದಾಗಿ ವಾಪಸ್ ಬಂದರೆ ಕೆಲಸ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆದಿದೆ. ಸುತ್ತುತ್ತಲೇ ಇದ್ದರೆ ಅಥವಾ ತಪ್ಪು ತೋರಿಸಿದರೆ ಅವರ ಸರ್ವರ್‌ಗಾಗಿ ಕಾಯುತ್ತಿದೆ ಅಂತ. ವೈಫೈ ಮತ್ತೆ ಬಂದಾಗ ಕಳಿಸಿಬಿಡುವ ಸಾಧ್ಯತೆಯೂ ಇದೆ, ಅದಕ್ಕೇ ಇನ್‌ಕಾಗ್ನಿಟೊ ಕಿಟಕಿ ಮುಚ್ಚಿದ ಮೇಲೇ ವೈಫೈ ಆನ್ ಮಾಡಿ.